ನಲ್ಲಿ-ತೊಟ್ಟಿ ಲೆಕ್ಕ: 8:40, 10:48, 11:20 ಇವುಗಳಲ್ಲಿ ಯಾವುದು ಸರಿ ಅಂತ ತಾಳೆ ನೋಡೋದು ಹೇಗೆ?

ಮಲೆನಾಡ ಹುಡುಗಿ

ಎಫ್‌ಡಿಎ ಪರೀಕ್ಷೆಗೆ ಓದ್ತಾ ಇದ್ದೀನಿ. ನಿನ್ನೆ ಒಂದು ಮಾದರಿ ಪತ್ರಿಕೆಯ ಲೆಕ್ಕದಿಂದ ನಮ್ಮ ಪಿಜಿಯಲ್ಲಿ ರಾತ್ರಿ ಹನ್ನೊಂದರವರೆಗೂ ಜಗಳ ಆಯ್ತು. ಲೆಕ್ಕ ಇದು:

ಎ ನಲ್ಲಿ ತೊಟ್ಟಿಯನ್ನು 6 ಗಂಟೆಯಲ್ಲಿ ತುಂಬುತ್ತದೆ. ಬಿ ನಲ್ಲಿ 8 ಗಂಟೆಯಲ್ಲಿ ತುಂಬುತ್ತದೆ. ತಳದಲ್ಲಿರುವ ಸಿ ನಲ್ಲಿ ತುಂಬಿದ ತೊಟ್ಟಿಯನ್ನು 12 ಗಂಟೆಯಲ್ಲಿ ಖಾಲಿ ಮಾಡುತ್ತದೆ. ತೊಟ್ಟಿ ಖಾಲಿ ಇದ್ದಾಗ ಬೆಳಿಗ್ಗೆ 6ಕ್ಕೆ ಮೂರನ್ನೂ ಒಟ್ಟಿಗೆ ತೆರೆದರೆ, ತೊಟ್ಟಿ ತುಂಬುವುದು ಎಷ್ಟು ಹೊತ್ತಿಗೆ?

ನನಗೆ 11:20 ಬಂತು. ನನ್ನ ರೂಮ್‌ಮೇಟ್‌ಗೆ 8:40. ಕೀ ಉತ್ತರ 10:48. ಮೂರೂ ಆಯ್ಕೆಗಳಲ್ಲಿ ಇವೆ! ನಾನು ಮೂರು ಸಲ ಮಾಡಿದೆ, ಮೂರು ಸಲವೂ ಅದೇ 11:20. ನನ್ನ ಪ್ರಶ್ನೆ ಲೆಕ್ಕ ಮಾಡೋದು ಹೇಗೆ ಅಂತಲ್ಲ. ಪರೀಕ್ಷಾ ಹಾಲ್‌ನಲ್ಲಿ ಕೀ ಇರಲ್ಲವಲ್ಲ, ಬಂದ ಉತ್ತರ ತಪ್ಪು ಅಂತ ನನಗೇ ಗೊತ್ತಾಗೋದು ಹೇಗೆ?

ಶಾರ್ಟ್‌ಕಟ್ ಸೀನ

10:48 ಸರಿ. 4.8 ಗಂಟೆ. ನೀವು 4.8 ಅನ್ನು 4 ಗಂಟೆ 80 ನಿಮಿಷ ಅಂತ ಓದಿದ್ದೀರಿ, ಅದು 5 ಗಂಟೆ 20 ನಿಮಿಷ ಆಗಿದೆ. ಪತ್ರಿಕೆ ತೆಗೆಯೋರಿಗೆ ಇದು ಗೊತ್ತಿದ್ದೇ 11:20 ಇಟ್ಟಿರ್ತಾರೆ.

ಮಲೆನಾಡ ಹುಡುಗಿ

ಅಯ್ಯೋ ಹೌದು! 0.8 ಗಂಟೆ ಅಂದ್ರೆ 48 ನಿಮಿಷ. ಆದ್ರೆ ನನ್ನ ಪ್ರಶ್ನೆ ಹಾಗೇ ಇದೆ. ಮೂರು ಸಲ ಮಾಡಿದ್ರೂ ಕಣ್ಣಿಗೆ ಬೀಳಲಿಲ್ಲ ನೋಡಿ.

ನಿವೃತ್ತ ಮೇಷ್ಟ್ರು

ಮೂರು ಸಲ ಮಾಡಿದರೂ ಬೀಳುವುದಿಲ್ಲ ಮಗಳೇ, ಯಾಕೆಂದರೆ ಅದೇ ದಾರಿಯಲ್ಲಿ ಮೂರು ಸಲ ನಡೆದಿದ್ದೀಯ. ಎಡವಿದ ಕಲ್ಲೂ ಅದೇ. ತಾಳೆ ನೋಡಬೇಕಾದರೆ ಉತ್ತರದ ಕಡೆಯಿಂದ ವಾಪಸು ಬರಬೇಕು.

ಬಂದ ಹೊತ್ತನ್ನು ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ನಲ್ಲಿಯ ಹತ್ತಿರ ಹೋಗು. "ಇಷ್ಟು ಹೊತ್ತಿನಲ್ಲಿ ನೀನು ತೊಟ್ಟಿಯ ಎಷ್ಟು ಪಾಲು ತುಂಬಿದೆ?" ಎಂದು ಕೇಳು. ತುಂಬಿದ್ದನ್ನು ಕೂಡು, ಖಾಲಿ ಮಾಡಿದ್ದನ್ನು ಕಳೆ. ಸರಿಯಾಗಿ ಒಂದು ತೊಟ್ಟಿ ಬರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮೊದಲು ನಿನ್ನ ಉತ್ತರ. 5 ಗಂಟೆ 20 ನಿಮಿಷ ಎಂದರೆ 16/3 ಗಂಟೆ. ಎ ಗಂಟೆಗೆ 1/6 ತುಂಬುತ್ತದೆ, ಹಾಗಾದರೆ ಈ ಹೊತ್ತಿಗೆ 16/18, ಅಂದರೆ 8/9. ಬಿ ತುಂಬಿದ್ದು 16/24, ಅಂದರೆ 6/9. ಸಿ ಹೊರಗೆ ಬಿಟ್ಟದ್ದು 16/36, ಅಂದರೆ 4/9.

8/9 + 6/9 − 4/9 = 10/9

ಒಂಬತ್ತರಲ್ಲಿ ಒಂದು ಪಾಲು ತೊಟ್ಟಿಯಿಂದ ಹೊರಗೆ ಚೆಲ್ಲಿದೆ. ಅಂದರೆ ಹೊತ್ತು ಜಾಸ್ತಿ ಆಯಿತು.

ನಿನ್ನ ಗೆಳತಿಯದು 2 ಗಂಟೆ 40 ನಿಮಿಷ, 8/3 ಗಂಟೆ. ನಿನ್ನದರ ಸರಿಯಾಗಿ ಅರ್ಧ, ಹಾಗಾಗಿ ಎಲ್ಲ ಪಾಲೂ ಅರ್ಧ: 4/9 + 3/9 − 2/9 = 5/9. ತೊಟ್ಟಿ ಅರ್ಧಕ್ಕಿಂತ ಚೂರು ಮೇಲೆ ಬಂದಿದೆ, ಅಷ್ಟೇ.

ಈಗ ಕೀ ಉತ್ತರ. 4 ಗಂಟೆ 48 ನಿಮಿಷ ಎಂದರೆ 24/5 ಗಂಟೆ. ಎ ತುಂಬಿದ್ದು 4/5, ಬಿ ತುಂಬಿದ್ದು 3/5, ಸಿ ಬಿಟ್ಟದ್ದು 2/5. ನಾಲ್ಕು ಮತ್ತು ಮೂರು ಏಳು, ಎರಡು ಕಳೆದರೆ ಐದು. 5/5. ತೊಟ್ಟಿ ತುಂಬಿತು.

ಇನ್ನೊಂದು ಗಮನಿಸು. 4.8 ಅನ್ನೇ ಹಿಡಿದುಕೊಂಡು ತಾಳೆ ನೋಡಿದ್ದರೆ ಸರಿ ಬಂದುಬಿಡುತ್ತಿತ್ತು, ಆದರೂ ನೀನು 11:20ಕ್ಕೇ ಗುರುತು ಹಾಕುತ್ತಿದ್ದೆ. ಆದ್ದರಿಂದ ಕೊನೆಗೆ ಯಾವ ಆಯ್ಕೆಗೆ ಗುರುತು ಹಾಕುತ್ತೀಯೋ ಅದನ್ನೇ ಹಿಡಿದು ವಾಪಸು ಬಾ. ನಡುವೆ ಬಂದ ಸಂಖ್ಯೆಯನ್ನು ಹಿಡಿಯಬೇಡ.

ಮಲೆನಾಡ ಹುಡುಗಿ

ಸರ್, ಈ ಕೊನೇ ಮಾತು ಯಾರೂ ಹೇಳಿರಲಿಲ್ಲ. ಗುರುತು ಹಾಕೋ ಆಯ್ಕೆಯನ್ನೇ ಹಿಡೀಬೇಕು. ರೂಮ್‌ಮೇಟ್‌ಗೆ ತೋರಿಸಿದೆ. ಅವಳು "ನಾನೂ ತಾಳೆ ನೋಡಿದ್ದೆ, ನನಗೆ ಸರಿಯಾಗಿ ಒಂದು ಬಂತು" ಅಂತಿದ್ದಾಳೆ. ಅದು ಹೇಗೆ?

ಇಬ್ಬರು ಮಕ್ಕಳ ಅಮ್ಮ

ಅವರು ಸಿ ನಲ್ಲಿಯನ್ನೂ ತುಂಬೋ ನಲ್ಲಿ ಅಂತ ತಿಳ್ಕೊಂಡಿರಬೇಕು. 1/6 + 1/8 + 1/12 ಅಂದ್ರೆ 9/24, ತಿರುಗಿಸಿದ್ರೆ 24/9, ಅದು 2 ಗಂಟೆ 40 ನಿಮಿಷ. ತಾಳೆ ನೋಡೋವಾಗ್ಲೂ 4/9 + 3/9 + 2/9 ಅಂತ ಕೂಡಿದ್ರೆ ಒಂದು ಬಂದೇ ಬರುತ್ತೆ.

ಮಲೆನಾಡ ಹುಡುಗಿ

ಕೇಳಿದೆ. ಅದೇ! "ತಳದಲ್ಲಿರುವ" ಅನ್ನೋದನ್ನ ಓದಿದ್ದಾಳೆ, "ಖಾಲಿ" ಅನ್ನೋದನ್ನ ಓದೇ ಇಲ್ಲ.

ನಿವೃತ್ತ ಮೇಷ್ಟ್ರು

ಅಮ್ಮಾವ್ರು ಸರಿಯಾಗಿ ಹಿಡಿದರು. ಪ್ರಶ್ನೆಯನ್ನು ತಪ್ಪು ಓದಿದವರಿಗೆ ತಾಳೆಯೂ ತಪ್ಪಾಗಿಯೇ ಸರಿ ಬರುತ್ತದೆ. ಹಾಗಾಗಿ ತಾಳೆ ನೋಡುವಾಗ ನಿನ್ನ ರಫ್ ಹಾಳೆಯನ್ನು ನೋಡದೆ, ಪ್ರಶ್ನೆಯ ವಾಕ್ಯವನ್ನೇ ಮತ್ತೆ ಓದಿ ಒಂದೊಂದು ನಲ್ಲಿಗೂ ಕೂಡುವ ಚಿಹ್ನೆಯೋ ಕಳೆಯುವ ಚಿಹ್ನೆಯೋ ಎಂದು ಹೊಸದಾಗಿ ಹಾಕಿಕೊಳ್ಳಬೇಕು.

ಶಾರ್ಟ್‌ಕಟ್ ಸೀನ

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳ್ತೀನಿ, ಪರೀಕ್ಷೆಯಲ್ಲಿ ಒಂದು ಲೆಕ್ಕಕ್ಕೆ ಒಂದು ನಿಮಿಷವೂ ಸಿಗಲ್ಲ. 8/9, 6/9 ಅಂತ ಭಿನ್ನರಾಶಿ ಬರೀತಾ ಕೂತ್ರೆ ಮುಂದಿನ ಪ್ರಶ್ನೆ ಕೈಬಿಟ್ಟ ಹಾಗೆ. ನಾನು ಕೋಚಿಂಗ್‌ನಲ್ಲಿ ಹೇಳಿಕೊಡೋದು ಹೀಗೆ: 6, 8, 12ರ ಲ.ಸಾ.ಅ. 24. ತೊಟ್ಟಿ 24 ಲೀಟರ್ ಅಂದ್ಕೊಳ್ಳಿ. ಎ ಗಂಟೆಗೆ 4 ಲೀಟರ್, ಬಿ 3 ಲೀಟರ್, ಸಿ ಹೊರಗೆ 2 ಲೀಟರ್. ನಿಲ್ಲೋದು 5 ಲೀಟರ್. 24 ಭಾಗಿಸು 5. ಮುಗೀತು. ಭಿನ್ನರಾಶಿ ಬೇಕೇ ಬೇಡ.

ಇನ್ನು ತಾಳೆಗೆ ಒಂದೇ ಸೂತ್ರ: ಉತ್ತರ ಯಾವಾಗಲೂ ಅತಿ ಕಡಿಮೆ ಸಮಯಕ್ಕಿಂತ ಕಡಿಮೆ ಇರಬೇಕು. ಇಲ್ಲಿ 6ಕ್ಕಿಂತ ಕಡಿಮೆ.

ಇಬ್ಬರು ಮಕ್ಕಳ ಅಮ್ಮ

ನಿಮ್ಮ ಸೂತ್ರಕ್ಕೆ 8:40 ಕೂಡ ಪಾಸು, 11:20 ಕೂಡ ಪಾಸು. ಎರಡೂ 6 ಗಂಟೆಯ ಒಳಗೇ ಇವೆ. ಮತ್ತೆ ಅದರಿಂದ ಏನು ಉಪಯೋಗ?

ನಿವೃತ್ತ ಮೇಷ್ಟ್ರು

ಸೀನ ಅವರೇ, 24 ಲೀಟರಿನ ದಾರಿ ಒಳ್ಳೆಯದೇ, ನಾನೂ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ಅದು ಬೇರೆ ದಾರಿಯೇನಲ್ಲ. 4/24ರ ಛೇದವನ್ನು ಬರೆಯದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀರಿ, ಅಷ್ಟೇ.

ಕಡಿಮೆ ಸಮಯಕ್ಕಿಂತ ಕಡಿಮೆ ಎಂಬ ಮಾತು ಎಲ್ಲ ನಲ್ಲಿಗಳೂ ತುಂಬುವಂಥವಾದರೆ ಮಾತ್ರ ನಿಜ. ಖಾಲಿ ಮಾಡುವ ನಲ್ಲಿ ಒಂದು ಇದ್ದರೂ ಮುರಿದುಬೀಳುತ್ತದೆ. ಇದೇ ಲೆಕ್ಕದಲ್ಲಿ ಬಿ ಮುಚ್ಚಿಬಿಡಿ. ಎ ಮತ್ತು ಸಿ ಮಾತ್ರ: 1/6 − 1/12 = 1/12. ತೊಟ್ಟಿ ತುಂಬಲು 12 ಗಂಟೆ ಬೇಕು. ಅದು 6ರ ಎರಡರಷ್ಟು.

ಮೂರೂ ತೆರೆದಾಗ ಉಪಯೋಗಕ್ಕೆ ಬರುವ ಮಿತಿ ಬೇರೆ ಇದೆ. ಸಿ ಇಲ್ಲದೆ ಎ ಮತ್ತು ಬಿ ಎರಡೇ ಆದರೆ ಗಂಟೆಗೆ 7/24, ಅಂದರೆ ಸುಮಾರು 3 ಗಂಟೆ 26 ನಿಮಿಷ ಬೇಕು. ಸಿ ನೀರು ಬಿಡುತ್ತಿರುವಾಗ ಅದಕ್ಕಿಂತ ಬೇಗ ತುಂಬಲು ಸಾಧ್ಯವೇ ಇಲ್ಲ. ಹಾಗಾಗಿ 9:26ಕ್ಕಿಂತ ಮೊದಲಿನ ಯಾವ ಆಯ್ಕೆಯೂ ಆಗದು. 8:40 ಅಲ್ಲಿಗೇ ಹೋಯಿತು.

ಶಾರ್ಟ್‌ಕಟ್ ಸೀನ

ಸರಿ, ಖಾಲಿ ಮಾಡೋ ನಲ್ಲಿ ಇದ್ರೆ ನನ್ನ ಮಾತು ನಡೆಯಲ್ಲ, ಒಪ್ಪಿದೆ. ಆದ್ರೆ ತಾಳೆ ಕೂಡ ಲೀಟರ್‌ನಲ್ಲೇ ಮಾಡಿ. 4.8 × 4 = 19.2, 4.8 × 3 = 14.4, 4.8 × 2 = 9.6. 19.2 ಮತ್ತು 14.4 ಕೂಡಿ 9.6 ಕಳೆದ್ರೆ 24. ಭಿನ್ನರಾಶಿಗಿಂತ ಬೇಗ. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಹೇಳೋದು, ಇನ್ಮುಂದೆಯೂ ಇದನ್ನೇ ಹೇಳ್ತೀನಿ.

ಇಬ್ಬರು ಮಕ್ಕಳ ಅಮ್ಮ

ನನ್ನ ದೊಡ್ಡ ಮಗನಿಗೆ ಲೀಟರ್ ದಾರಿ ಹೇಳಿಕೊಟ್ಟೆ, ಚೆನ್ನಾಗೇ ಮಾಡ್ತಾನೆ. ಚಿಕ್ಕವಳು ಮಾತ್ರ "ತೊಟ್ಟಿ 24 ಲೀಟರ್ ಅಂತ ಯಾರು ಹೇಳಿದ್ರು? ಪ್ರಶ್ನೆಯಲ್ಲಿ ಇಲ್ವಲ್ಲ" ಅಂತ ಹಠ ಹಿಡಿದ್ಲು. ಅವಳಿಗೆ ಭಿನ್ನರಾಶಿಯೇ ಸರಿಹೋಯ್ತು, ಯಾಕಂದ್ರೆ ತೊಟ್ಟಿ ಎಷ್ಟೇ ದೊಡ್ಡದಿರಲಿ ಆರರಲ್ಲಿ ಒಂದು ಪಾಲು ಅಂದ್ರೆ ಆರರಲ್ಲಿ ಒಂದು ಪಾಲೇ.

ಮೊದಮೊದಲು ಅವಳು ಗಂಟೆಗಳನ್ನೇ ಕೂಡ್ತಿದ್ಲು. ಈ ಲೆಕ್ಕ ಕೊಟ್ಟಿದ್ರೆ 6 + 8 − 12 = 2 ಗಂಟೆ ಅಂತಿದ್ಲು. ನಾನು ಬೈಯಲಿಲ್ಲ, ತೊಟ್ಟಿಯ ಚಿತ್ರ ಬರೆದು 24 ಗೆರೆ ಹಾಕಿಸಿದೆ. 2 ಗಂಟೆಯಲ್ಲಿ ಎ ಎಂಟು ಗೆರೆ ತುಂಬುತ್ತೆ, ಬಿ ಆರು ಗೆರೆ, ಸಿ ನಾಲ್ಕು ಗೆರೆ ಇಳಿಸುತ್ತೆ. ನೀರು ಹತ್ತನೇ ಗೆರೆಗೆ ನಿಲ್ತು. "ಅಮ್ಮ, ಇದು ತುಂಬಿಲ್ಲ" ಅಂತ ಅವಳೇ ಹೇಳಿದ್ಲು.

ಹುಬ್ಬಳ್ಳಿ ಮಂದಿ

ನಮ್ಮನಿ ಟ್ಯಾಂಕಿಗೂ ಇದ ತ್ರಾಸ ಐತ್ರಿ. ಛಾವಣಿ ಮ್ಯಾಲ 1000 ಲೀಟರ್ ಟ್ಯಾಂಕ್. ಕೆಳಗ ಸಂಪಿಂದ ಮೋಟರ್ ಹಚ್ಚಿ ಏರಸ್ತೀವಿ. ಅಂಗಳದಾಗಿನ ಅದೇ ಮೋಟರಿನ ನಳಕ್ಕ 15 ಲೀಟರ್ ಬಕೆಟ್ ಹಿಡಿದು ನೋಡಿದ್ರ 45 ಸೆಕೆಂಡಿನಾಗ ತುಂಬತೈತಿ. ಅಂದ್ರ ನಿಮಿಷಕ್ಕ 20 ಲೀಟರ್. 1000 ಲೀಟರಿಗೆ 50 ನಿಮಿಷ ಆಗಬೇಕಲ್ಲ? ಪೂರಾ 60 ನಿಮಿಷ ಹಿಡಿತೈತಿ. ಹತ್ತು ನಿಮಿಷದ ನೀರು ಎಲ್ಲಿಗೆ ಹೋತು? ನಿಮ್ಮ ಸಿ ನಳದಂಗ ಎಲ್ಲೋ ಸೋರಾಕತ್ತೈತಿ ಅಂತ ನನಗ ಸಂಶಯ. ಹೆಂಗ್ ಕಂಡುಹಿಡೀಬೇಕು ಹೇಳ್ರಿ.

ಶಾರ್ಟ್‌ಕಟ್ ಸೀನ

ಸರ್, ಇದು ಪರೀಕ್ಷೆಯ ಲೆಕ್ಕದ ಚರ್ಚೆ. ಪ್ಲಂಬರ್‌ಗೆ ಕರೆ ಮಾಡಿ.

ನಿವೃತ್ತ ಮೇಷ್ಟ್ರು

ಇರಲಿ ಸೀನ ಅವರೇ, ಇದು ಅದೇ ಲೆಕ್ಕ. ಹುಬ್ಬಳ್ಳಿಯವರೇ, ಮೋಟರ್ ನಿಮಿಷಕ್ಕೆ 1/50 ತುಂಬಬೇಕು, ತುಂಬುತ್ತಿರುವುದು 1/60. ವ್ಯತ್ಯಾಸ 1/300. ಅಂದರೆ ಟ್ಯಾಂಕಿನಲ್ಲೇ ಸೋರಿಕೆ ಇದ್ದರೆ, ಅದು ತುಂಬಿದ ಟ್ಯಾಂಕನ್ನು 300 ನಿಮಿಷದಲ್ಲಿ, ಐದು ಗಂಟೆಯಲ್ಲಿ, ಖಾಲಿ ಮಾಡಿಬಿಡುವಷ್ಟು ದೊಡ್ಡದು. ನಿಮಿಷಕ್ಕೆ ಮೂರು ಲೀಟರಿಗೂ ಮೇಲೆ. ರಾತ್ರಿ ಟ್ಯಾಂಕ್ ತುಂಬಿಸಿ, ಮನೆಯ ಎಲ್ಲ ನಲ್ಲಿ ಮುಚ್ಚಿ ಮಲಗಿ. ಬೆಳಿಗ್ಗೆ ನೀರು ಎಲ್ಲಿದೆ ನೋಡಿ.

ಹುಬ್ಬಳ್ಳಿ ಮಂದಿ

ಅದಕ್ಕ ರಾತ್ರಿ ಕಾಯೂದ ಬ್ಯಾಡ್ರಿ. ರಾತ್ರಿ ತುಂಬಿಸಿದ ಟ್ಯಾಂಕ್ ಬೆಳಿಗ್ಗೆ ತುಂಬೇ ಇರತೈತಿ, ದಿನಾ ನೋಡ್ತೀನಿ. ಒಂದ ಬಟ್ಟೂ ಇಳಿಯಂಗಿಲ್ಲ.

ನಿವೃತ್ತ ಮೇಷ್ಟ್ರು

ಹಾಗಾದರೆ ಟ್ಯಾಂಕಿನಲ್ಲಿ ಸೋರಿಕೆ ಇಲ್ಲ. ನಿಮ್ಮ 50 ನಿಮಿಷವೇ ತಪ್ಪಿರಬೇಕು, ಇಲ್ಲವೇ ಮೋಟರಿಂದ ಟ್ಯಾಂಕಿಗೆ ಹೋಗುವ ಪೈಪಿನಲ್ಲಿ ಸೋರುತ್ತಿರಬೇಕು. ಮೋಟರ್ ನಿಂತರೆ ಆ ಸೋರಿಕೆಯೂ ನಿಲ್ಲುತ್ತದೆ, ಅದಕ್ಕೇ ಬೆಳಿಗ್ಗೆ ಗೊತ್ತಾಗುವುದಿಲ್ಲ.

ಪಂಪ್‌ಸೆಟ್ ಮೆಕ್ಯಾನಿಕ್

ನಾನು ಹೇಳ್ತೀನಿ ಕೇಳಿ. ಬಕೆಟ್ ಹಿಡಿದದ್ದು ಅಂಗಳದಲ್ಲಿ, ಟ್ಯಾಂಕ್ ಇರೋದು ಛಾವಣಿ ಮೇಲೆ. ಅದೇ ಮೋಟರ್ ನೀರನ್ನ ಮೇಲಕ್ಕೆ ಎತ್ತಿದಷ್ಟೂ ಕಡಿಮೆ ಕೊಡುತ್ತೆ. ಎಲ್ಲಾ ಮೋಟರ್‌ಗೂ ಇದೇ ಗುಣ. ಮೋಟರ್ ಪ್ಲೇಟ್ ಮೇಲೆ ಎಷ್ಟು ಎತ್ತರಕ್ಕೆ ಎಷ್ಟು ನೀರು ಅಂತ ಬರೆದಿರ್ತಾರೆ ನೋಡಿ. ನೆಲದಲ್ಲಿ 20 ಲೀಟರ್ ಕೊಡೋದು ಮೇಲೆ 16-17 ಕೊಟ್ರೆ ಆಶ್ಚರ್ಯ ಏನಿಲ್ಲ. ಛಾವಣಿಗೆ ಹತ್ತಿ, ಟ್ಯಾಂಕಿಗೆ ನೀರು ಬೀಳೋ ಜಾಗದಲ್ಲೇ ಬಕೆಟ್ ಹಿಡೀರಿ.

ಹುಬ್ಬಳ್ಳಿ ಮಂದಿ

ನಾಳೆ ಹಿಡಿದು ನೋಡಿ ಹೇಳ್ತೀನ್ರಿ.

ಹಳೇ ಪುಸ್ತಕದ ಹುಳು

ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲೇ ಈ ಜಾತಿಯ ಲೆಕ್ಕ ಇದೆ. 1150ರ ಹೊತ್ತಿನ ಗ್ರಂಥ ಅದು. ನಾಲ್ಕು ತೊರೆಗಳು ಒಂದು ಕೊಳವನ್ನು ತುಂಬುತ್ತವೆ. ಬೇರೆ ಬೇರೆಯಾಗಿ ಬಿಟ್ಟರೆ ಒಂದಕ್ಕೆ ಒಂದು ದಿನ, ಇನ್ನೊಂದಕ್ಕೆ ಅರ್ಧ ದಿನ, ಮತ್ತೊಂದಕ್ಕೆ ದಿನದ ಮೂರನೇ ಒಂದು, ಕೊನೆಯದಕ್ಕೆ ಆರನೇ ಒಂದು ಭಾಗ ಬೇಕು. ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು?

ದಿನಕ್ಕೆ ಒಂದು ಕೊಳ, ಎರಡು ಕೊಳ, ಮೂರು ಕೊಳ, ಆರು ಕೊಳ. ಒಟ್ಟು ಹನ್ನೆರಡು. ಹಾಗಾಗಿ ಒಂದು ಕೊಳಕ್ಕೆ ದಿನದ 1/12. ಮೇಷ್ಟ್ರು ಹೇಳಿದ ತಾಳೆ ಇಲ್ಲಿ ಬಹಳ ಚಂದ ಕೂರುತ್ತದೆ: ಅಷ್ಟು ಹೊತ್ತಿನಲ್ಲಿ ಮೊದಲನೆಯದು 1/12, ಎರಡನೆಯದು 2/12, ಮೂರನೆಯದು 3/12, ನಾಲ್ಕನೆಯದು 6/12. ಕೂಡಿದರೆ 12/12. ದಿನಕ್ಕೆ 60 ಘಳಿಗೆಯ ಲೆಕ್ಕದಲ್ಲಿ ಐದು ಘಳಿಗೆ, ನಮ್ಮ ಎರಡು ಗಂಟೆ.

ವಿಜಯಪುರದವ

ಭಾಸ್ಕರಾಚಾರ್ಯರು ನಮ್ಮ ಜಿಲ್ಲೆಯವರು ಅನ್ನೋದನ್ನೂ ಬರೀರಿ.

ಹಳೇ ಪುಸ್ತಕದ ಹುಳು

ಅವರು ತಮ್ಮ ಊರನ್ನು ಸಹ್ಯಾದ್ರಿಯ ಕಡೆಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ. ಅದು ವಿಜಯಪುರವೇ ಎನ್ನುವವರೂ ಇದ್ದಾರೆ, ಮಹಾರಾಷ್ಟ್ರದ ಕಡೆ ಎನ್ನುವವರೂ ಇದ್ದಾರೆ. ಸಹ್ಯಾದ್ರಿ ಎಂಬ ಮಾತು ನೋಡಿದರೆ ನನಗೆ ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ.

ವಿಜಯಪುರದವ

ನನಗೆ ಹಾಗೆ ಅನ್ನಿಸೋದಿಲ್ಲ. ಬೇರೆ ಕಡೆ ಮಾತಾಡೋಣ.

ಮಲೆನಾಡ ಹುಡುಗಿ

ಎಲ್ಲರಿಗೂ ಧನ್ಯವಾದ. ನಾನೇ ಲೆಕ್ಕವನ್ನ ಸ್ವಲ್ಪ ಬದಲಿಸಿ ನೋಡಿದೆ. ಬೆಳಿಗ್ಗೆ 6ಕ್ಕೆ ಮೂರೂ ತೆರೆದು, 8ಕ್ಕೆ ಸಿ ಮುಚ್ಚಿದ್ರೆ? ಮೊದಲ ಎರಡು ಗಂಟೆಯಲ್ಲಿ 10/24, ಉಳಿದದ್ದು 14/24. ಆಮೇಲೆ ಗಂಟೆಗೆ 7/24, ಹಾಗಾಗಿ ಇನ್ನೂ 2 ಗಂಟೆ. 10 ಗಂಟೆಗೆ ತುಂಬುತ್ತೆ. ತಾಳೆ: ಎ 4 ಗಂಟೆ ಓಡಿದೆ, 4/6. ಬಿ 4 ಗಂಟೆ, 4/8. ಸಿ ಎರಡೇ ಗಂಟೆ, 2/12. 16/24 + 12/24 − 4/24 = 24/24. ಸರಿ ತಾನೆ?

ನಿವೃತ್ತ ಮೇಷ್ಟ್ರು

ಶಭಾಷ್. ಮಾಡುವಾಗ ಹೊತ್ತನ್ನು ಎರಡು ತುಂಡು ಮಾಡಿದೆ, ತಾಳೆ ನೋಡುವಾಗ ತುಂಡು ಮಾಡದೆ ಪ್ರತಿ ನಲ್ಲಿಯನ್ನೂ ಇಡಿಯಾಗಿ ನೋಡಿದೆ. ಎರಡೂ ಬೇರೆ ಬೇರೆ ದಾರಿ, ಆದ್ದರಿಂದ ಒಂದು ದಾರಿಯ ತಪ್ಪು ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ.

ಶಾರ್ಟ್‌ಕಟ್ ಸೀನ

ಎಲ್ಲರೂ ತಾಳೆಯನ್ನ ಇಷ್ಟು ನಂಬ್ತಿದ್ದೀರಲ್ಲ, ಒಂದು ಲೆಕ್ಕ ಕೊಡ್ತೀನಿ. ಅದೇ ಎ, ಅದೇ ಸಿ. ಖಾಲಿ ತೊಟ್ಟಿ. ಮೊದಲ ಗಂಟೆ ಎ ಮಾತ್ರ, ಎರಡನೇ ಗಂಟೆ ಸಿ ಮಾತ್ರ, ಮೂರನೇ ಗಂಟೆ ಮತ್ತೆ ಎ, ಹೀಗೆ ಸರದಿ. ತೊಟ್ಟಿ ಮೊದಲ ಸಲ ತುಂಬೋದು ಎಷ್ಟು ಗಂಟೆಗೆ? ನನ್ನ ತರಗತಿಯಲ್ಲಿ ಬಹಳ ಮಂದಿ 24 ಅಂದ್ರು.

ಇಬ್ಬರು ಮಕ್ಕಳ ಅಮ್ಮ

ಎರಡು ಗಂಟೆಗೊಮ್ಮೆ 1/6 − 1/12 = 1/12 ಉಳಿಯುತ್ತೆ. ಹನ್ನೆರಡು ಸರದಿ, 24 ಗಂಟೆ. ತಾಳೆ: ಎ 12 ಗಂಟೆ ಓಡಿದೆ, ಅಂದ್ರೆ 2 ತೊಟ್ಟಿ. ಸಿ 12 ಗಂಟೆ, ಅಂದ್ರೆ 1 ತೊಟ್ಟಿ. 2 − 1 = 1. ಸರಿಯಾಗೇ ಇದೆಯಲ್ಲ?

ಶಾರ್ಟ್‌ಕಟ್ ಸೀನ

ತಪ್ಪು. 21 ಗಂಟೆ. 20 ಗಂಟೆಗೆ ಹತ್ತು ಸರದಿ ಮುಗಿದು ನೀರು 10/12ರಲ್ಲಿ ಇರುತ್ತೆ. ಮುಂದಿನ ಗಂಟೆ ಎ ಸರದಿ. ಅದು 1/6, ಅಂದ್ರೆ 2/12 ತುಂಬುತ್ತೆ. ಅಲ್ಲಿಗೇ ತೊಟ್ಟಿ ತುಂಬಿತು. ಸಿ ಮತ್ತೆ ತೆರೆಯೋವರೆಗೆ ಕಾಯಬೇಕಾಗಿಲ್ಲ.

ಇಬ್ಬರು ಮಕ್ಕಳ ಅಮ್ಮ

ಅರೆ! ಹಾಗಾದ್ರೆ ನನ್ನ ತಾಳೆ ಯಾಕೆ ಸರಿ ಬಂತು? 21ಕ್ಕೆ ನೋಡಿದ್ರೆ ಎ 11 ಗಂಟೆ, 11/6. ಸಿ 10 ಗಂಟೆ, 10/12, ಅಂದ್ರೆ 5/6. 11/6 − 5/6 = 1. ಇದೂ ಸರಿ! ಎರಡು ಉತ್ತರಕ್ಕೂ ತಾಳೆ ಸರಿ ಬಂದ್ರೆ ಹೇಗೆ?

ನಿವೃತ್ತ ಮೇಷ್ಟ್ರು

ಸೀನ ಅವರೇ, ಒಳ್ಳೆಯ ಲೆಕ್ಕ ಕೊಟ್ಟಿರಿ.

ಅಮ್ಮಾವ್ರೇ, 21ರ ನಂತರ ಒಂದೊಂದು ಗಂಟೆ ಮುಂದೆ ಹೋಗಿ ನೋಡಿ. 21ಕ್ಕೆ 12/12. 22ಕ್ಕೆ ಸಿ ಒಂದು ಪಾಲು ಇಳಿಸಿ 11/12. 23ಕ್ಕೆ ಎ ಎರಡು ಪಾಲು ಹಾಕಿ 13/12. ಇಲ್ಲೇ ಸಿಕ್ಕಿಬಿತ್ತು! ತೊಟ್ಟಿಯಲ್ಲಿ 13/12 ನಿಲ್ಲುವುದಿಲ್ಲ, ಒಂದು ಪಾಲು ಚೆಲ್ಲಿಹೋಗಿದೆ. ಕಾಗದದ ಮೇಲೆ ಮಾತ್ರ ಆ ಚೆಲ್ಲಿದ ಪಾಲು ಉಳಿದುಕೊಂಡಿತು, 24ಕ್ಕೆ ಸಿ ಅದನ್ನೇ ಕಳೆದು ಮತ್ತೆ 12/12 ತೋರಿಸಿತು. ನಿಜವಾದ ತೊಟ್ಟಿಯಲ್ಲಿ 24ಕ್ಕೆ ಇರುವುದು 11/12.

ಪಾಲು ಕೂಡಿ ಒಂದು ಬಂದರೆ ಆ ಹೊತ್ತಿಗೆ ಲೆಕ್ಕದಲ್ಲಿ ನೀರು ಅಂಚಿಗೆ ಇದೆ ಎಂದಷ್ಟೇ ಗೊತ್ತಾಗುತ್ತದೆ. ಅದಕ್ಕೆ ಮೊದಲೇ ಅಂಚು ಮುಟ್ಟಿತ್ತೇ ಎಂಬುದು ಗೊತ್ತಾಗುವುದಿಲ್ಲ. ಎಲ್ಲ ನಲ್ಲಿಯೂ ಒಟ್ಟಿಗೆ ಓಡುತ್ತಿದ್ದರೆ ನೀರು ಏರುತ್ತಲೇ ಹೋಗುತ್ತದೆ, ಅಂಚು ಮುಟ್ಟುವುದು ಒಂದೇ ಸಲ, ಆಗ ಚಿಂತೆ ಇಲ್ಲ. ಸರದಿಯ ಲೆಕ್ಕದಲ್ಲಿ ನೀರು ಏರಿಳಿಯುತ್ತದೆ. ಅಲ್ಲಿ ನಿಮ್ಮ ಉತ್ತರಕ್ಕೆ ಮೊದಲು, ತುಂಬುವ ನಲ್ಲಿ ನಿಂತ ಗಂಟೆಗಳಲ್ಲಿ ನೀರು ಎಲ್ಲಿತ್ತು ಎಂದೂ ನೋಡಬೇಕು.

ಇಬ್ಬರು ಮಕ್ಕಳ ಅಮ್ಮ

ಅರ್ಥ ಆಯ್ತು. 19ನೇ ಗಂಟೆ ಮುಗಿದಾಗ 9/12 ಮೇಲೆ 2/12, ಅಂದ್ರೆ 11/12. ಇನ್ನೂ ತುಂಬಿಲ್ಲ. ಹಾಗಾಗಿ 21ಕ್ಕೇ ಮೊದಲ ಸಲ.

ಸಿವಿಲ್ ಓದಿದವ

ತಡವಾಗಿ ಬಂದೆ. ಸಿ ನಲ್ಲಿ "ತಳದಲ್ಲಿದೆ" ಅಂತ ಪ್ರಶ್ನೆಯೇ ಹೇಳುತ್ತಿದೆ. ತಳದ ತೂತಿನಿಂದ ನೀರು ಒಂದೇ ವೇಗದಲ್ಲಿ ಹೋಗೋದಿಲ್ಲ. ಮೇಲೆ ನೀರು ಎಷ್ಟು ಎತ್ತರ ನಿಂತಿದೆಯೋ ಅದರ ವರ್ಗಮೂಲದ ಹಾಗೆ ವೇಗ. ಗೋಡೆ ನೆಟ್ಟಗಿರುವ ತೊಟ್ಟಿಯಲ್ಲಿ, ಖಾಲಿಯಾಗಲು ಒಟ್ಟು 12 ಗಂಟೆ ಬೇಕಾದರೆ, ಮೇಲಿನ ಅರ್ಧ ಸುಮಾರು ಮೂರೂವರೆ ಗಂಟೆಯಲ್ಲಿ ಇಳಿದುಬಿಡುತ್ತೆ, ಕೆಳಗಿನ ಅರ್ಧಕ್ಕೆ ಎಂಟೂವರೆ ಗಂಟೆ. ತೊಟ್ಟಿ ತುಂಬಿದ್ದಾಗ ಸಿ ಗಂಟೆಗೆ 1/12 ಅಲ್ಲ, 1/6ರ ವೇಗದಲ್ಲಿ ಬಿಡುತ್ತಿರುತ್ತೆ. ಅಂದರೆ ಆ ಕ್ಷಣಕ್ಕೆ ಎ ಹಾಕಿದ್ದನ್ನೆಲ್ಲ ಸಿ ಒಬ್ಬನೇ ಹೊರಗೆ ಬಿಡುತ್ತಾನೆ.

ಕುತೂಹಲಕ್ಕೆ ಲೆಕ್ಕ ಹಾಕಿದೆ. ಎ, ಬಿ ಒಂದೇ ವೇಗದಲ್ಲಿ ತುಂಬುತ್ತಾ, ಸಿ ಹೀಗೆ ಬಿಡುತ್ತಿದ್ದರೆ ತೊಟ್ಟಿ ತುಂಬಲು ಸುಮಾರು 5 ಗಂಟೆ 48 ನಿಮಿಷ. ಉತ್ತರ 10:48 ಅಲ್ಲ, 11:48ರ ಹತ್ತಿರ. ಒಂದು ಗಂಟೆ ವ್ಯತ್ಯಾಸ!

ಶಾರ್ಟ್‌ಕಟ್ ಸೀನ

ದಯವಿಟ್ಟು ವಿದ್ಯಾರ್ಥಿಗಳಿಗೆ ಗೊಂದಲ ಮಾಡಬೇಡಿ. ಪರೀಕ್ಷೆಯಲ್ಲಿ 10:48.

ಸಿವಿಲ್ ಓದಿದವ

ಪರೀಕ್ಷೆಗೆ 10:48 ಅಂತ ನಾನೂ ಒಪ್ಪುತ್ತೇನೆ. ಆದರೆ ಪ್ರಶ್ನೆ ಬರೆಯುವವರು "ಒಂದೇ ವೇಗದಲ್ಲಿ" ಅಂತ ಎರಡು ಪದ ಸೇರಿಸಬೇಕು. ಇಲ್ಲದಿದ್ದರೆ 1/12 ಅಂತ ಬರೆಯುವ ಹಕ್ಕು ನಮಗೆ ಎಲ್ಲಿಂದ ಬಂತು?

ನಿವೃತ್ತ ಮೇಷ್ಟ್ರು

ನಲವತ್ತು ವರ್ಷ ಪಾಠ ಮಾಡಿದ ನನಗೆ ಆ ಎರಡು ಪದ ಬೇಕೆನಿಸಿರಲಿಲ್ಲ. ಕೆಲಸದ ಲೆಕ್ಕದಲ್ಲಿ ಆಳು ಸಂಜೆಗೆ ಸುಸ್ತಾಗುತ್ತಾನೆ ಎಂದು ನಾವು ಬರೆಯುವುದಿಲ್ಲವಲ್ಲ. ಹಾಗೆಯೇ ಇದೂ ಎಂದುಕೊಂಡಿದ್ದೆ. ಆದರೆ "ತಳದಲ್ಲಿ" ಎಂದು ಬರೆದ ಮೇಲೆ ನಿಮ್ಮ ಆಕ್ಷೇಪಕ್ಕೆ ಬಲ ಇದೆ. ಪೂರ್ತಿ ಒಪ್ಪಿದೆ ಎನ್ನಲಾರೆ, ಯೋಚಿಸುತ್ತೇನೆ.

ಹುಬ್ಬಳ್ಳಿ ಮಂದಿ

ಇವತ್ತು ಮುಂಜಾನೆ ಛಾವಣಿ ಹತ್ತಿ, ಟ್ಯಾಂಕಿನ ಬಾಯಾಗ ಬಕೆಟ್ ಹಿಡದ್ನಿ. 15 ಲೀಟರಿಗೆ 54 ಸೆಕೆಂಡ್. ಮೂರು ಸಲ ಹಿಡದ್ನಿ, ಮೂರೂ ಸಲ 54ರ ಅಕ್ಕಪಕ್ಕ.

ಮಲೆನಾಡ ಹುಡುಗಿ

ಸರ್, ನಾನು ಮಾಡ್ತೀನಿ! 54 ಸೆಕೆಂಡ್ ಅಂದ್ರೆ 9/10 ನಿಮಿಷ. 15 ಲೀಟರ್ ಅಂದ್ರೆ ಟ್ಯಾಂಕಿನ 15/1000, ಅಂದ್ರೆ 3/200. 9/10 ನಿಮಿಷಕ್ಕೆ 3/200 ಆದ್ರೆ ನಿಮಿಷಕ್ಕೆ 30/1800, 1/60. ನಿಮ್ಮ 60 ನಿಮಿಷ ಸರಿಯಾಗಿ ತಾಳೆ ಆಯ್ತು. ಟ್ಯಾಂಕಿಗೆ ಬಂದ ನೀರೆಲ್ಲ ಟ್ಯಾಂಕಿನಲ್ಲೇ ಇದೆ.

ಪಂಪ್‌ಸೆಟ್ ಮೆಕ್ಯಾನಿಕ್

ನಾನು ಹೇಳಿದ್ನಲ್ಲ, ಎತ್ತರದ್ದೇ ಕಥೆ.

ನಿವೃತ್ತ ಮೇಷ್ಟ್ರು

ಅಷ್ಟು ಬೇಗ ಬೇಡ. ಟ್ಯಾಂಕಿನ ಬಾಯಿಗೆ ನಿಮಿಷಕ್ಕೆ 1/60 ಬರುತ್ತಿದೆ ಎಂದು ಗೊತ್ತಾಯಿತು. ನೆಲದಲ್ಲಿ 1/50 ಇದ್ದದ್ದು ಎತ್ತರಕ್ಕೆ ಕಡಿಮೆಯಾಯಿತೋ, ನಡುವೆ ಗೋಡೆಯೊಳಗಿನ ಪೈಪಿನಲ್ಲಿ ಸೋರಿತೋ, ಅದನ್ನು ಈ ಬಕೆಟ್ ಹೇಳುವುದಿಲ್ಲ. ಎರಡಕ್ಕೂ 54 ಸೆಕೆಂಡೇ ಬರುತ್ತದೆ.

ಹುಬ್ಬಳ್ಳಿ ಮಂದಿ

ಹಿತ್ತಲ ಗ್ವಾಡಿ ಒಂದ ಕಡೆ ಒದ್ದಿ ಕಾಣತೈತ್ರಿ. ಮಳಿಗೋ, ಪೈಪಿಗೋ ಗೊತ್ತಿಲ್ಲ.

ಪಂಪ್‌ಸೆಟ್ ಮೆಕ್ಯಾನಿಕ್

ಪೈಪ್ ಆ ಗೋಡೆಯಲ್ಲೇ ಹೋಗಿದ್ಯಾ? ಹಾಗಾದ್ರೆ ಟ್ಯಾಂಕಿನ ಬಾಯಿ ಹತ್ತಿರ ವಾಲ್ವ್ ಇದ್ರೆ ಮುಚ್ಚಿ, ಮೋಟರ್ ಒಂದೆರಡು ಸೆಕೆಂಡ್ ಮಾತ್ರ ಹಾಕಿ ಆಫ್ ಮಾಡಿ. ಪೈಪಲ್ಲಿ ನೀರು ಒತ್ತಿ ನಿಲ್ಲುತ್ತೆ. ಅರ್ಧ ಗಂಟೆ ಬಿಟ್ಟು ವಾಲ್ವ್ ತೆಗೆದಾಗ ನೀರು ಬಾಯಿಗೇ ಇದ್ಯಾ, ಕೆಳಗಿಳಿದಿದ್ಯಾ ನೋಡಿ. ಆದ್ರೆ ಕೆಳಗೆ ಫುಟ್ ವಾಲ್ವ್ ಸೋರ್ತಾ ಇದ್ರೂ ಇಳಿಯುತ್ತೆ, ಅದನ್ನ ಮೊದಲು ನೋಡ್ಕೊಳ್ಳಿ. ವಾಲ್ವ್ ಮುಚ್ಚಿಟ್ಟು ಮೋಟರ್ ಓಡಿಸ್ತಾ ಇರಬೇಡಿ, ಸೀಲ್ ಹೋಗುತ್ತೆ.

ಹುಬ್ಬಳ್ಳಿ ಮಂದಿ

ಫುಟ್ ವಾಲ್ವ್ ಹೋದ ವರ್ಷ ಬದಲಿ ಮಾಡಸೇನಿ. ಐತವಾರ ಮಗ ಬರ್ತಾನ, ಇಬ್ಬರೂ ಕೂಡಿ ನೋಡ್ತೀವಿ.

ಮಲೆನಾಡ ಹುಡುಗಿ

ರೂಮ್‌ಮೇಟ್ ಈಗ ಪ್ರತಿ ಲೆಕ್ಕಕ್ಕೂ ಮೊದಲು "ಖಾಲಿ" ಅನ್ನೋ ಪದಕ್ಕೆ ಸುತ್ತು ಹಾಕ್ತಿದ್ದಾಳೆ. ನಾನು 0.8 ಕಂಡ್ರೆ ಮೊದಲು 60ರಿಂದ ಗುಣಿಸ್ತಿದ್ದೀನಿ. ಇವತ್ತು ಹತ್ತು ಲೆಕ್ಕ ಮಾಡಿದ್ವಿ, ಎರಡು ಕಡೆ ತಾಳೆಯಲ್ಲಿ ತಪ್ಪು ಸಿಕ್ತು, ಅಲ್ಲೇ ತಿದ್ದಿದ್ವಿ. ಸೀನ ಸರ್, ಸರದಿಯ ಲೆಕ್ಕ ಇನ್ನೂ ಎರಡು ಮೂರು ಇದ್ರೆ ಹಾಕಿ. ಅದರಲ್ಲೇ ನಮಗೆ ಇನ್ನೂ ಕೈ ಕೂತಿಲ್ಲ.

ಶಾರ್ಟ್‌ಕಟ್ ಸೀನ

ರಾತ್ರಿ ಹಾಕ್ತೀನಿ. ಎ, ಬಿ, ಸಿ ಮೂರೂ ಸರದಿಯಲ್ಲಿ ಬರೋದು. ಬಿ ಮುಗಿಯೋವಾಗ ತುಂಬುತ್ತಾ, ಎ ಮುಗಿಯೋವಾಗ ತುಂಬುತ್ತಾ ಅಂತ ಮೊದಲು ಯೋಚನೆ ಮಾಡಿಟ್ಟಿರಿ.